ಹೆಳವನ ಹೊತ್ತಿಗೆಯಲ್ಲಿ ಇಲ್ಲದ ಎರಡು ಕೂಸು

ಹೆಳವ ಎತ್ತಿನ ಮೇಲೆ ಬಂದು ನಮ್ಮ ಕಟ್ಟೆಯ ಮುಂದೆ ಇಳಿದ ದಿನವೇ ನನ್ನ ಮೊಮ್ಮಕ್ಕಳ ಮದುವೆಯ ಮಾತು ಗಟ್ಟಿಯಾಯಿತು. ಹುಡುಗಿ ನನ್ನ ಮಗನ ಮಗಳು, ಹುಡುಗ ನನ್ನ ಮಗಳ ಮಗ. ಮಗಳನ್ನು ಬನಹಟ್ಟಿಗೆ ಕೊಟ್ಟಿದ್ದೆ. ಅವಳ ಮಗ ಅಲ್ಲೇ ಪಾವರ್‌ಲೂಮಿನಲ್ಲಿ ದುಡಿಯುತ್ತಿದ್ದ. ಹುಡುಗಿ ಪಿಯುಸಿ ಮುಗಿಸಿ ನಮ್ಮ ಮನೆಯಲ್ಲೇ ಇದ್ದಳು. ಅಣೆಕಟ್ಟಿನ ನೀರು ಏರಿ, ಹೊಳೆ ದಂಡೆಯ ಹಳೇ ಊರು ಬಿಟ್ಟು, ಸರಕಾರ ಕೊಟ್ಟ ಹೊಸ ಊರಿಗೆ ನಾವು ಬಂದು ಏಳೆಂಟು ವರ್ಷವಾಗಿತ್ತು.

ಹೆಳವರೆಂದರೆ ಮನೆತನಗಳ ಹಿಂದುಮುಂದು ಹೇಳುವವರು. ಯಾರ ಹೊಟ್ಟೆಯಲ್ಲಿ ಯಾರು, ಯಾವ ಬೆಡಗು, ಯಾವ ಊರಿಂದ ಬಂದವರು ಎಂದು ಹೊತ್ತಿಗೆಯಲ್ಲಿ ಬರೆದಿಟ್ಟುಕೊಂಡು, ಕೆಲವು ವರ್ಷಕ್ಕೊಮ್ಮೆ ಬಂದು ಓದಿ ಹೇಳಿ, ಕಾಳುಕಡಿ ಪಡೆದು ಹೋಗುತ್ತಾರೆ. ಬೆಡಗು ತಂದೆಯಿಂದ ಮಕ್ಕಳಿಗೆ ಇಳಿಯುತ್ತದೆ. ಒಂದೇ ಬೆಡಗಿನವರು ಅಣ್ಣತಂಗಿ, ಅವರಲ್ಲಿ ಕೊಟ್ಟು ತರುವುದಿಲ್ಲ. ಬೆಡಗು ಬೇರೆಯಾದರೆ ಆಯಿತು.

ಹೆಳವ ಹೊತ್ತಿಗೆ ಬಿಚ್ಚಿ ನಮ್ಮ ಏಳು ತಲೆ ಹೇಳಿದ. ಆಮೇಲೆ ನನ್ನ ಅಳಿಯನ ಮನೆತನ ಹೇಳಿದ.

“ಯವ್ವಾ, ಬೆಡಗ ಬ್ಯಾರೆ ಬ್ಯಾರೆ ಅದಾವ. ಸ್ವಾದರತ್ತಿ ಮಗ, ಸ್ವಾದರಮಾವನ ಮಗಳು. ಇದಕ್ಕಿಂತ ಛಲೋ ಜೋಡಿ ಎಲ್ಲಿ ಸಿಕ್ಕೀತು? ಕಣ್ಣ ಮುಚ್ಚಿ ಅಕ್ಕಿಕಾಳ ಹಾಕ್ರಿ,” ಎಂದ.

ನನಗೂ ಅದೇ ಬೇಕಿತ್ತು. ನಾನು ಮದುವೆಯಾದದ್ದು ನನ್ನ ಅವ್ವನ ತಮ್ಮನನ್ನು. ಬೇರೆ ಮನೆಯಿಂದ ಹುಡುಗಿ ತಂದು ಅವಳ ಗುಣ ತಿಳಿಯಲು ಹತ್ತು ವರ್ಷ ಕಳೆಯುವುದು ಯಾರಿಗೆ ಬೇಕು? ಮಗಳಿಗೆ ಮಾತು ಕೊಟ್ಟೆ. ಹುಡುಗ ಹುಡುಗಿಗೂ ಮನಸ್ಸಿತ್ತು. ಅವನು ಬಂದಾಗೆಲ್ಲ ಇವಳು ಎರಡು ಸಲ ತಲೆ ಬಾಚಿಕೊಳ್ಳುತ್ತಿದ್ದಳು. ನನಗೇನು ಕಣ್ಣಿಲ್ಲವೇ?

ಕೆಟ್ಟದ್ದು ಗುಳಿಗೆಯಿಂದ ಶುರುವಾಯಿತು. ಹುಡುಗಿಗೆ ರಕ್ತ ಕಡಿಮೆ ಎಂದು ಕಾಲೇಜಿನಲ್ಲೇ ಕಬ್ಬಿಣದ ಗುಳಿಗೆ ಕೊಟ್ಟಿದ್ದರು. ನಾಲ್ಕು ತಿಂಗಳು ನುಂಗಿದರೂ ರಕ್ತ ಏರಲಿಲ್ಲ. ಮದುವೆಗೆ ಮುಂಚೆ ಮೈ ತುಂಬಿಕೊಳ್ಳಲೆಂದು ನಾನೇ ಮುಧೋಳಕ್ಕೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರು ವಯಸ್ಸಾದವರು. ಹಳೇ ಚೀಟಿಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದರು.

“ಕಬ್ಬಿಣ ಬೇಕಾದಷ್ಟ ಐತಿ ಈಕಿ ಮೈಯಾಗ. ಆದ್ರೂ ರಕ್ತದ ಕಣ ಸಣ್ಣವು ಅದಾವ. ಇನ್ನೊಂದ ರಕ್ತ ತಪಾಸ ಮಾಡಸ್ರಿ.”

ಆ ರಕ್ತ ಬಾಗಲಕೋಟೆಗೆ ಹೋಗಿ ಬಂತು. ಡಾಕ್ಟರು ಹುಡುಗಿಯನ್ನು ಹೊರಗೆ ಕಳಿಸಲಿಲ್ಲ, ಅವಳಿಗೇ ಹೇಳಿದರು. “ಇದು ರೋಗ ಅಲ್ಲ ತಂಗಿ. ಥಲಸ್ಸೀಮಿಯಾ ಅಂತ ಒಂದ ಐತಿ. ಅದನ್ನ ನೀ ಹೊತ್ತಿ, ಅಷ್ಟ. ನಿನಗ ಏನೂ ಆಗೂದಿಲ್ಲ. ಸುಮ್ಮಸುಮ್ಮನ ಕಬ್ಬಿಣ ನುಂಗಬ್ಯಾಡ. ಲಗ್ನ ಎಲ್ಲ್ಯರ ಗಟ್ಟಿ ಆಗೇತೇನ?”

“ನಮ್ಮ ಅತ್ತಿ ಮಗನ್ನ ಕೂಡ,” ಎಂದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. “ಹಂಗಾದ್ರ ಅಕ್ಕಿಕಾಳಿಗಿಂತ ಮೊದಲ ಅವನ ರಕ್ತ ನೋಡಬೇಕು. ಬೆಳಗಾವಿಗೆ ಹೋಗ್ರಿ. ಅಲ್ಲಿ ಇದನ್ನ ಕೂತು ಹೇಳವ್ರ ಅದಾರ.” ಅವರೇ ಚೀಟಿ ಬರೆದುಕೊಟ್ಟರು.

ನನ್ನ ಮಗಳು ಸುದ್ದಿ ಕೇಳಿ ಬನಹಟ್ಟಿಯಿಂದ ಬಸ್ಸು ಹತ್ತಿ ಬಂದಳು. “ಯವ್ವಾ, ನನ್ನ ಮಗನ ರಕ್ತ ಹೊಲಸ ಐತೇನ? ನಿಮ್ಮ ಹುಡುಗೀದ ಏನರ ಇದ್ರ ನಮ್ಮ ತಲಿಗ್ಯಾಕ ಕಟ್ಟತೀರಿ?” ಎಂದು ಅಂಗಳದಲ್ಲೇ ನಿಂತು ಕೂಗಿದಳು.

“ಲೇ, ನಿನ್ನ ಮಗ ಎಲ್ಲಿಂದ ಬಿದ್ದಾನ? ನನ್ನ ಹೊಟ್ಟಿಂದ ನೀ, ನಿನ್ನ ಹೊಟ್ಟಿಂದ ಅಂವ. ಹೊಲಸ ಇದ್ರ ನಂದ,” ಎಂದೆ. ಬಾಯಿಗೆ ಬಂದದ್ದು ಆಡಿದೆ. ಅದು ಖರೆ ಎಂದು ಆಗ ಗೊತ್ತಿರಲಿಲ್ಲ.

ಬೆಳಗಾವಿಗೆ ಹೋದವರು ಐದು ಜನ: ನನ್ನ ಮಗ, ಮಗಳು, ಹುಡುಗ, ಹುಡುಗಿ, ನಾನು. ದೊಡ್ಡ ಆಸ್ಪತ್ರೆ. ಒಂದು ಕೋಣೆಯಲ್ಲಿ ಮೇಜು, ಆರು ಕುರ್ಚಿ, ಒಬ್ಬಳು ಹೆಣ್ಣುಮಗಳು. ಬಿಳಿ ಕೋಟೂ ಇರಲಿಲ್ಲ, ಸೂಜಿಯೂ ಇರಲಿಲ್ಲ. ಅವಳ ಮುಂದೆ ಒಂದು ದೊಡ್ಡ ಹಾಳೆ, ಪೆನ್ಸಿಲ್ಲು. ಇಷ್ಟಕ್ಕೆ ನಾಲ್ಕು ತಾಸು ಬಸ್ಸಿನಲ್ಲಿ ಕೂತು ಬಂದೆವಾ ಎನಿಸಿತು.

ಅವಳು ಮೊದಲು ಕೇಳಿದ್ದು: “ನಿಮ್ಮ ಎರಡೂ ಮನಿ ನಡುವ ರಕ್ತಸಂಬಂಧ ಏನರ ಐತೇನ್ರಿ?”

“ಇಲ್ರಿ,” ಎಂದ ಮಗ. “ಇಲ್ರಿ,” ಎಂದಳು ಮಗಳು. ನಾನೂ ತಲೆ ಅಲ್ಲಾಡಿಸಿದೆ. ಸುಳ್ಳು ಹೇಳಿದ್ದಲ್ಲ. ಬೆಡಗು ಬೇರೆ. ಬೆಡಗು ಬೇರೆಯಾದವರು ಬೀಗರು, ರಕ್ತದವರು ಹೇಗಾದಾರು?

ಆ ಹೆಣ್ಣುಮಗಳು ಜಾಣೆ. ಸರಿ ಎಂದು ಬರೆದುಕೊಳ್ಳಲಿಲ್ಲ. “ಹುಡುಗನ ತಾಯಿ ಯಾರ್ರಿ?”

“ನಾನ,” ಎಂದಳು ಮಗಳು.

“ಹುಡುಗಿ ತಂದಿ?”

“ನಾನ್ರಿ,” ಎಂದ ಮಗ.

“ನಿಮಗಿಬ್ಬರಿಗೂ ತಾಯಿ ಯಾರು?”

ಇಬ್ಬರೂ ನನ್ನ ಕಡೆ ನೋಡಿದರು. ಹುಡುಗಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಹಾಳೆಯವಳು ನಗಲಿಲ್ಲ. “ಹಿಂಗ ಭಾಳ ಮಂದಿ ಹೇಳ್ತಾರ್ರಿ ಅಜ್ಜಿ. ಬೆಡಗ ಅಪ್ಪನ ಕಡೆ ನೋಡತೈತಿ. ರಕ್ತ ಎರಡೂ ಕಡೆ ನೋಡತೈತಿ,” ಎಂದಳು.

ಆಮೇಲೆ ಅವಳು ಬರೆಯತೊಡಗಿದಳು. ಗಂಡಸಿಗೆ ಚೌಕ, ಹೆಂಗಸಿಗೆ ಗುಂಡು. ಮದುವೆಗೆ ನಡುವೆ ಒಂದು ಗೆರೆ. ರಕ್ತದವರೇ ಮದುವೆಯಾಗಿದ್ದರೆ ಎರಡು ಗೆರೆ. ನನಗೂ ನನ್ನ ಗಂಡನಿಗೂ ನಡುವೆ ಎರಡು ಗೆರೆ ಎಳೆದಳು. ನನ್ನ ಅವ್ವ ಅಪ್ಪನ ನಡುವೆಯೂ ಎರಡು ಗೆರೆ, ಅವರೂ ಅತ್ತೆಮಾವನ ಮಕ್ಕಳೇ. ಎಮ್ಮೆಯ ಕೊರಳಿಗೆ ಹಗ್ಗ ಸುತ್ತಿದ ಹಾಗೆ ಆ ಗೆರೆಗಳು ತಿರುಗಿ ತಿರುಗಿ ನನ್ನ ಹತ್ತಿರವೇ ಬರುತ್ತಿದ್ದವು. ಅಕ್ಷರವಾಗಿದ್ದರೆ ನನಗೆ ಓದಲು ಬರುತ್ತಿರಲಿಲ್ಲ. ಸಹಿ ಮಾಡುವುದು, ಬಸ್ಸಿನ ಬೋರ್ಡು ಕೂಡಿಸಿ ಓದುವುದು, ನನ್ನ ಓದು ಅಷ್ಟೇ. ಈ ಬರೆಹವೂ ಮೊಮ್ಮಗಳ ಕೈಯದು, ಮಾತು ಮಾತ್ರ ನನ್ನದು. ಆದರೆ ಆ ಹಾಳೆ ನನಗೆ ಓದಲು ಬಂತು.

ಕಿವುಡರು ಇದ್ದಾರಾ, ಕಣ್ಣು ಕಾಣದವರು, ಬುದ್ಧಿ ಬೆಳೆಯದವರು, ನಡೆಯುತ್ತಿದ್ದ ಮಗು ನಡೆಯದಂತಾದದ್ದು ಎಂದು ಒಂದೊಂದೇ ಕೇಳಿದಳು. ನನ್ನ ತಮ್ಮನ ಮಗ ಕಿವುಡ ಎಂದೆ. ಹುಟ್ಟಿದಾಗಿನಿಂದಲಾ ಎಂದಳು. ಅಲ್ಲ, ಐದು ವರ್ಷದವನಿದ್ದಾಗ ದೊಡ್ಡ ಜ್ವರ ಬಂದು ಹೋದ ಮೇಲೆ ಎಂದೆ. “ಹಂಗಾದ್ರ ಅದು ಬಹುಶಃ ಜ್ವರದ್ದು, ಮನಿತನದ್ದಲ್ಲ,” ಎಂದು ಬದಿಯಲ್ಲಿ ಸಣ್ಣದಾಗಿ ಬರೆದಳು. “ಎಲ್ಲಾದಕ್ಕೂ ತಪಾಸ ಇಲ್ಲರಿ. ಮನಿತನದಾಗ ಏನೈತಿ ಅಂತ ಗೊತ್ತಾದ್ರ ಅದನ್ನ ಹುಡುಕಬಹುದು. ಅದಕ್ಕ ಇಷ್ಟ ಕೇಳಾಕತ್ತೇನಿ.”

ನಂತರ ನನ್ನನ್ನು ಕೇಳಿದಳು. “ಅಜ್ಜಿ, ನಿಮಗ ಎಷ್ಟ ಮಕ್ಕಳು?”

“ನಾಕು.”

“ಹಡದದ್ದು ಎಷ್ಟು?”

ಮಗ ನನ್ನ ಕಡೆ ತಿರುಗಿ ನೋಡಿದ. ಅವನಿಗೆ ಗೊತ್ತಿರಲಿಲ್ಲ, ಅವನೇ ಆಗ ಏನೂ ತಿಳಿಯದ ಕೂಸು. ನಾವು ಸತ್ತ ಕೂಸನ್ನು ಎಣಿಸುವುದಿಲ್ಲ. ಎಣಿಸಿದರೆ ಇದ್ದವಕ್ಕೆ ಕೇಡು ಎನ್ನುತ್ತಾರೆ. ಹೆಳವನೂ ಬರೆಯುವುದಿಲ್ಲ. ನಲವತ್ತು ವರ್ಷ ನನ್ನ ಬಾಯಿಂದ ಆ ಮಾತು ಹೊರಟಿರಲಿಲ್ಲ.

“ಆರು,” ಎಂದೆ.

ಅವಳು ಅವಸರ ಮಾಡಲಿಲ್ಲ. ನಾನೇ ಹೇಳಿದೆ. ಒಂದು ಹೆಣ್ಣು, ಒಂದು ಗಂಡು. ಹುಟ್ಟಿದಾಗ ಎರಡೂ ಗುಂಡಗಿದ್ದವು. ಆರು ತಿಂಗಳು ತುಂಬುವ ಹೊತ್ತಿಗೆ ಬಿಳಿಚಿಕೊಂಡವು. ಹೊಟ್ಟೆ ಗಡಿಗೆಯಷ್ಟು ಊದಿತು, ಕೈಕಾಲು ಕಡ್ಡಿ, ಹಣೆ ಮುಂದೆ ಬಂತು. ಹೆಣ್ಣು ಎರಡು ವರ್ಷ ಇತ್ತು, ಗಂಡು ಮೂರು. ಎದುರುಮನೆಯವಳ ಕಣ್ಣು ಬಿತ್ತೆಂದು ನಾನು ಅವಳ ಕೈಯ ನೀರು ಕುಡಿಯುವುದನ್ನು ಬಿಟ್ಟೆ. ಅವಳು ಸಾಯುವವರೆಗೂ ಕುಡಿಯಲಿಲ್ಲ. ಕೂಸುಗಳನ್ನು ಹಳೇ ಊರಿನ ಹೊಲದ ಬದುವಿನಲ್ಲಿ ಹೂಳಿದ್ದೆವು. ಈಗ ಆ ಹೊಲದ ಮೇಲೆ ಎರಡಾಳು ನೀರು.

ಹಾಳೆಯವಳು ನನ್ನ ಕೆಳಗೆ ಒಂದು ಗುಂಡು ಬರೆದಳು, ಒಂದು ಚೌಕ ಬರೆದಳು. ಎರಡಕ್ಕೂ ಇದೇ ಥಲಸ್ಸೀಮಿಯಾ ಇದ್ದಿರಬೇಕೆಂದು ಅವನ್ನು ಪೂರ್ತಿ ಕಪ್ಪು ಮಾಡಿ, ಸತ್ತವೆಂದು ಮೇಲೊಂದು ಅಡ್ಡಗೆರೆ ಎಳೆದಳು. ಹುಟ್ಟಿ ಸತ್ತು ಮಣ್ಣಾಗಿ ನೀರು ಪಾಲಾದ ಮೇಲೆ ಅವಕ್ಕೆ ಕಾಗದದಲ್ಲಿ ಜಾಗ ಸಿಕ್ಕಿತ್ತು. ನಾನು ಅಳುವವಳಲ್ಲ, ಅಳಲಿಲ್ಲ. ಕಣ್ಣು ಕೀಳದೆ ನೋಡಿದೆ.

“ನನ್ನ ರಕ್ತಾನೂ ತಗೀ,” ಎಂದೆ.

ಹುಡುಗನ ರಕ್ತ, ನನ್ನ ಮಕ್ಕಳ ರಕ್ತ, ನನ್ನದು, ಎಲ್ಲ ತೆಗೆದರು. ಹತ್ತು ದಿನ ಬಿಟ್ಟು ಮತ್ತೆ ಹೋದೆವು. ನಾನು ಹೊತ್ತವಳು, ಎರಡು ಕೂಸಿಗೂ ಹಾಗಾಗಿದ್ದರಿಂದ ತೀರಿಹೋದ ನನ್ನ ಗಂಡನೂ ಹೊತ್ತಿರಲೇಬೇಕಂತೆ. ನನ್ನ ಮಗ, ಮಗಳು, ಇಬ್ಬರೂ ಹೊತ್ತವರು. ಹುಡುಗಿಯದು ಗೊತ್ತೇ ಇತ್ತು. ಹುಡುಗನೂ ಹೊತ್ತವನೇ. ಹಾಳೆಯವಳು ನಮ್ಮೆಲ್ಲರ ಚೌಕ ಗುಂಡುಗಳನ್ನು ಅರ್ಧರ್ಧ ಕಪ್ಪು ಮಾಡಿದಳು. ಕುರಿ ಕಾಯ್ದವಳು ನಾನು. ಬಿಸಿಲಲ್ಲಿ ಹತ್ತು ಹರದಾರಿ ನಡೆದವಳು. ಒಂದು ದಿನ ಮಲಗಿದವಳಲ್ಲ. ಅಂಥ ಮೈಯೊಳಗೆ ಇದು ಒಂದು ಮಾತೂ ಆಡದೆ ಅರವತ್ತು ವರ್ಷ ಕೂತಿತ್ತು. ಎರಡು ಚಮಚ ರಕ್ತದಲ್ಲಿ ಅದನ್ನು ಹಿಡಿದರಲ್ಲ! ಹಿಡಿದವರ ಮೇಲೆ ಆಶ್ಚರ್ಯಪಡಲೋ, ಅಡಗಿ ಕೂತದ್ದರ ಮೇಲೋ, ತಿಳಿಯಲಿಲ್ಲ.

ಹುಡುಗನಿಗೆ ಬೇಗ ತಿಳಿಯಿತು. “ಜೋಡೆಳಿ ಇದ್ದಾಂಗ ಅಲ್ರಿ?” ಎಂದ. “ಒಂದೆಳಿ ಕಡದ್ರ ಇನ್ನೊಂದ ಹಿಡೀತೈತಿ, ನೇದ ಅರಬಿಗೆ ಏನೂ ಆಗೂದಿಲ್ಲ. ಎರಡೂ ಕಡದ್ರ ತೂತ.”

“ನನಗಿಂತ ಛಲೋ ಹೇಳಿದ್ರಿ,” ಎಂದಳು ಅವಳು. “ನಿಮ್ಮಿಬ್ಬರ ಹತ್ರಾನೂ ಒಂದ ಛಲೋ ಎಳಿ, ಒಂದ ಕಡದ ಎಳಿ. ಕೂಸಿಗೆ ಇಬ್ಬರಿಂದ ಒಂದೊಂದ ಹೋಗತೈತಿ. ನಾಕರಾಗ ಒಂದ ಪಾಲು ಎರಡೂ ಕಡದದ್ದು ಸಿಗತೈತಿ. ಎರಡ ಪಾಲು ನಿಮ್ಮಂಗ. ಒಂದ ಪಾಲು ಏನೂ ಇಲ್ಲದ್ದು.”

ನನ್ನ ಮಗ ಮುಖ ಅರಳಿಸಿದ. “ಹಂಗಾದ್ರ ಮೂರ ಹಡದ ಬಂದ ಮಾಡಿದ್ರಾತು! ನಾಕನೇದ ಬ್ಯಾಡ.”

ಅವಳು ಪರ್ಸಿನಿಂದ ರೂಪಾಯಿಯ ಎರಡು ನಾಣ್ಯ ತೆಗೆದು ಅವನ ಕೈಗೆ ಕೊಟ್ಟು ಹಾರಿಸಲು ಹೇಳಿದಳು. ಸಿಂಹ ಬಿದ್ದದ್ದು ಕಡಿದ ಎಳೆ. ಎರಡೂ ಸಿಂಹ ಬಿದ್ದರೆ ರೋಗ. ಅವನು ಮೊದಲ ಸಲ ಹಾರಿಸಿದ, ಎರಡೂ ಸಿಂಹ. ಎರಡನೇ ಸಲ, ಮತ್ತೆ ಎರಡೂ ಸಿಂಹ.

“ಇದೇನ್ರಿ, ಹಿಂದಿನ ಸರತಿ ಬಿದ್ದಿತ್ತಲ್ಲ?” ಎಂದ ಮಗ.

“ಲೇ ಹುಚ್ಚಾ, ಕವಡಿಗೆ ಹಿಂದಿನ ಆಟ ನೆನಪಿರತೈತೇನ?” ಎಂದೆ. ಜೀವನವಿಡೀ ಚೌಕಾಬಾರ ಆಡಿದವಳಿಗೆ ಅಷ್ಟು ತಿಳಿಯದೇ? ಪ್ರತಿ ಬಸಿರೂ ಹೊಸ ಕವಡೆ. ನನಗೆ ಆರು ಸಲ ಬಿದ್ದಿತ್ತು, ಎರಡು ಸಲ ಹೊಟ್ಟೆ ಅಡಿಯಾಗಿ.

ಇನ್ನೊಂದು ಮಾತು ಅವಳು ಒತ್ತಿ ಹೇಳಿದಳು. ರಕ್ತದವರಲ್ಲಿ ಮದುವೆಯಾದವರ ಮಕ್ಕಳಲ್ಲಿ ಹೆಚ್ಚಿನವು ಚೆನ್ನಾಗಿಯೇ ಇರುತ್ತವೆ. ಆದರೆ ಒಂದೇ ಮನೆಯ ಕಡಿದ ಎಳೆ ಎರಡೂ ಕಡೆಯಿಂದ ಬಂದು ಕೂಡುವ ಸಂಭವ ಹೆಚ್ಚು. ಹೊರಗಿನವರನ್ನು ತಂದರೂ ಅವರ ರಕ್ತ ನೋಡಿಯೇ ತರಬೇಕು, ಅವರೂ ಹೊತ್ತಿರಬಹುದು. ಇಂಥ ಕೂಸು ಈಗ ನನ್ನ ಕೂಸಿನ ಹಾಗೆ ಸಾಯಲೇಬೇಕೆಂದಿಲ್ಲ. ಆದರೆ ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು, ಆ ರಕ್ತದಿಂದ ಮೈಯಲ್ಲಿ ಕೂಡುವ ಕಬ್ಬಿಣ ತೆಗೆಯಲು ಔಷಧ ಬೇಕು, ಜೀವ ಇರುವವರೆಗೂ. ಮದುವೆ ಬಿಡಬಹುದು. ಮದುವೆಯಾಗಿ ಬಸಿರಿನ ಮೂರನೇ ತಿಂಗಳಲ್ಲಿ ನೋಡಿಸಬಹುದು. ಮಕ್ಕಳು ಬೇಡವೆನ್ನಬಹುದು, ದತ್ತು ತರಬಹುದು.

“ಯಾವುದ ಮಾಡೂದು? ನೀವ ಹೇಳ್ರಿ,” ಎಂದಳು ನನ್ನ ಮಗಳು.

“ಅದು ನನ್ನ ಕೆಲಸ ಅಲ್ಲ ಅಕ್ಕಾರ. ಅವರಿಬ್ಬರದು.”

ಬಸ್ಸಿನಲ್ಲಿ ಮಗಳು ಗೊಣಗಿದಳು, “ಹೇಳಾಕ ಬರದವರಿಗೆ ಪಗಾರ ಯಾಕ ಕೊಡ್ತಾರ?” ಪಂಚರು, ಪೂಜಾರಿ, ಹೆಳವ, ಎಲ್ಲರೂ ನನಗೆ ಹೇಳಿದವರೇ. ಎಲ್ಲ ಗೊತ್ತಿದ್ದೂ ಹೀಗೇ ಮಾಡು ಎನ್ನದ ಮನುಷ್ಯಳನ್ನು ಅದೇ ಮೊದಲು ಕಂಡದ್ದು.

ಎಂಟು ದಿನ ಕಳೆದವು. ನಾನು ಜೋಳ ಹಸನು ಮಾಡುತ್ತಿದ್ದಾಗ ಹುಡುಗಿ ಬಂದು ಎದುರು ಕೂತಳು.

“ಆಯಿ, ಆ ಕೂಸು ಕಡೀಕ ಹೆಂಗ ಮಾಡ್ತಿತ್ತು? ಮುಚ್ಚಬ್ಯಾಡ.”

ಮುಚ್ಚಲಿಲ್ಲ. ಎದೆಗೆ ಹಚ್ಚಿದರೆ ನಾಲ್ಕು ಸಲ ಚೀಪಿ ದಣಿಯುತ್ತಿತ್ತು, ಅಳಲಿಕ್ಕೂ ದಮ್ಮು ಇರುತ್ತಿರಲಿಲ್ಲ, ಕಣ್ಣು ಮಾತ್ರ ನಮ್ಮ ಹಿಂದೆ ಹಿಂದೆ ತಿರುಗುತ್ತಿತ್ತು ಎಂದೆ. ಕೇಳಿ ಎದ್ದುಹೋದಳು. ಮಾರನೇ ದಿನ ಹುಡುಗನನ್ನು ಕರೆಸಿ ಎಲ್ಲರ ಮುಂದೆ ಹೇಳಿದಳು: “ನಾ ನಿನ್ನ ಲಗ್ನ ಆಗ್ತೇನಿ. ಆದ್ರ ನೋಡಸದ ಒಂದೂ ಹಡಿಯೂದಿಲ್ಲ. ಎರಡೂ ಎಳಿ ಕಡದದ್ದಿದ್ರ ಇಟ್ಟಗೊಳ್ಳೂದಿಲ್ಲ. ಆಗ ಯಾರರ ನನಗ ಒಂದ ಮಾತ ಅಂದ್ರ ನೀ ನನ್ನ ಕಡೆ ನಿಲ್ಲಬೇಕು. ಆಗೂದಿಲ್ಲಂದ್ರ ಈಗ ಹೇಳು.”

ಅವನು ಅವನ ಅವ್ವನ ಮುಖ ನೋಡಲಿಲ್ಲ. “ನಿಲ್ತೇನಿ,” ಎಂದ. ನನ್ನ ಮದುವೆಯಲ್ಲಿ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ.

ಮದುವೆಯಾಯಿತು. ಮದುವೆಗೆ ಮೊದಲೇ ಇಬ್ಬರ ರಕ್ತ ಬೆಂಗಳೂರಿಗೆ ಹೋಗಿ, ಎಳೆ ಕಡಿದದ್ದು ಯಾವ ಜಾಗದಲ್ಲಿ ಎಂದೂ ಬರೆದು ಬಂದಿತ್ತು. ಅದು ಗೊತ್ತಿಲ್ಲದಿದ್ದರೆ ಹೊಟ್ಟೆಯಲ್ಲಿ ಹುಡುಕುವುದು ಕಷ್ಟವಂತೆ.

ಮೊದಲ ಬಸಿರಿಗೆ ನಾನೂ ಬೆಳಗಾವಿಗೆ ಜೊತೆಗೆ ಹೋದೆ. ಮೂರನೇ ತಿಂಗಳು. ಹೊಟ್ಟೆಯ ಮೇಲೆ ಯಂತ್ರ ಇಟ್ಟು ಪರದೆಯಲ್ಲಿ ತೋರಿಸಿದರು. ಹೆಬ್ಬೆರಳಿನಷ್ಟು ಕೂಸು, ಎದೆ ಪಟಪಟ ಹೊಡೆಯುತ್ತಿತ್ತು. ಕೂಸಿಗೆ ಸೂಜಿ ತಾಗಿಸುವುದಿಲ್ಲ, ಅದು ಅಂಟಿಕೊಂಡಿರುವ ಕಸದಿಂದ, ಅಂದರೆ ಮಾಸಿನಿಂದ, ಚೂರು ತೆಗೆಯುತ್ತಾರೆ. ಅದರಿಂದ ಕೆಲವೊಮ್ಮೆ ಬಸಿರು ಇಳಿದೀತು ಎಂದು ಮೊದಲೇ ಹೇಳಿ ಸಹಿ ತೆಗೆದುಕೊಂಡರು.

ನನ್ನ ಮಗಳು ಬಾಯಿ ತಡೆಯಲಾರದೆ ಕೇಳಿಬಿಟ್ಟಳು, “ಗಂಡೋ ಹೆಣ್ಣೋ ಅದೂ ಗೊತ್ತಾಗತೈತಲ್ರಿ?”

“ಅದನ್ನ ಹೇಳಿದ್ರ ನಾ ಜೇಲಿಗೆ, ಕೇಳಿದ ತಪ್ಪಿಗೆ ನೀವೂ ಜೇಲಿಗೆ,” ಎಂದರು ಡಾಕ್ಟರು.

ಎರಡು ವಾರಕ್ಕೆ ಸುದ್ದಿ ಬಂತು. ಎರಡೂ ಎಳೆ ಕಡಿದದ್ದು. ಹುಡುಗಿ ಹೇಳಿದ ಹಾಗೇ ಮಾಡಿದಳು. ನಾಲ್ಕು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅತ್ತೆ ಬಾಯಿ ತೆರೆಯಲು ಬಂದಾಗ ಹುಡುಗ ಬಾಗಿಲಲ್ಲಿ ನಿಂತ. “ಯವ್ವಾ, ಸುಮ್ಮನಿರು,” ಎಂದ. ನನ್ನ ಮಗಳು ಹೊರಳಿ ಅಡಿಗೆಮನೆಗೆ ಹೋದಳು. ಸರಿಯೋ ತಪ್ಪೋ ಎಂದು ನನ್ನನ್ನು ಕೇಳಬೇಡಿ. ನಾನು ಎರಡು ಕೂಸು ಹಿಡಿದು ಕೂತವಳು. ಹಾಗೆ ಹಿಡಿದು ಕೂರದವರ ಮಾತು ನನಗೆ ಬೇಡ.

ವರ್ಷ ದಾಟಿ ಮತ್ತೆ ಬಸಿರಾದಳು. ಮತ್ತೆ ಅದೇ ಕೋಣೆ, ಅದೇ ಪರದೆ, ಅದೇ ಎರಡು ವಾರ. ಆ ಹದಿನಾಲ್ಕು ದಿನ ನಾನು ಚೌಕಾಬಾರದ ಕವಡೆ ಮುಟ್ಟಲಿಲ್ಲ. ಹುಡುಗ ಫೋನು ಕಿವಿಗೆ ಹಿಡಿದು ನಿಂತ, ನಾನು ಅವನ ಮುಖ ನೋಡುತ್ತ ನಿಂತೆ. ಬಹಳ ಹೊತ್ತು ಹೂಂ ಹೂಂ ಎಂದ. ಆಮೇಲೆ, “ಆಯಿ, ನಿನ್ನಂಗ,” ಎಂದ. ಒಂದು ಎಳೆ ಕಡಿದದ್ದು, ಒಂದು ಗಟ್ಟಿ.

ಹುಟ್ಟಿದ್ದು ಹೆಣ್ಣು. ಆರು ತಿಂಗಳು ತುಂಬಿದ ದಿನದಿಂದ ನಾನು ದಿನಾ ಮುಂಜಾನೆ ಅದನ್ನು ಬಿಸಿಲಿಗೆ ಹಿಡಿದು ಅಂಗೈ ಬಿಡಿಸಿ ನೋಡಿದೆ. ಕೆಂಪಗಿರುತ್ತಿತ್ತು. ವರ್ಷ ತುಂಬಿದ ಮೇಲೆ ಅದರ ರಕ್ತವನ್ನೂ ನೋಡಿದರು, ಮೊದಲು ಹೇಳಿದ್ದೇ ಬಂತು. ಹುಟ್ಟದ ಕೂಸಿನ ರಕ್ತದ ಸುದ್ದಿ ಹುಟ್ಟುವ ಆರು ತಿಂಗಳು ಮೊದಲೇ ಹೇಳಿದ್ದರು, ಒಂದು ಅಕ್ಷರ ತಪ್ಪಿರಲಿಲ್ಲ.

ಹೆಳವ ಆಮೇಲೆ ಒಮ್ಮೆ ಬಂದ. ಕಟ್ಟೆಯ ಮೇಲೆ ಕೂತು ಹೊತ್ತಿಗೆ ಬಿಚ್ಚಿದ. ನಾನು ಟ್ರಂಕಿನಿಂದ ಬೆಳಗಾವಿಯ ಹಾಳೆ ತಂದೆ. ಅದರ ನಕಲು ನಮಗೆ ಕೊಟ್ಟಿದ್ದರು, ಪ್ರತಿ ಸಲ ಹೋದಾಗ ಹೊಸದು ಸೇರಿಸುತ್ತಿದ್ದರು. ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಂಡು, “ಈ ಸರತಿ ನೀ ಕೇಳು, ನಾ ಓದ್ತೇನಿ,” ಎಂದೆ.

ಬೆರಳಿಟ್ಟು ಓದಿದೆ. ನನ್ನ ಅವ್ವ, ಅಪ್ಪ. ನಾನು, ನನ್ನ ಗಂಡ, ನಡುವೆ ಎರಡು ಗೆರೆ. ಸತ್ತ ಗುಂಡು, ಸತ್ತ ಚೌಕ. ಇದ್ದ ನಾಲ್ಕು. ಮೊಮ್ಮಗಳು, ಮೊಮ್ಮಗ, ಮತ್ತೆ ಎರಡು ಗೆರೆ. ಅವುಗಳ ಕೆಳಗೆ ಹುಟ್ಟದೆ ಹೋದದ್ದಕ್ಕೆ ಒಂದು ಸಣ್ಣ ಮುಮ್ಮೂಲೆ, ಅಡ್ಡಗೆರೆ. ಅದರ ಪಕ್ಕ ಅರ್ಧ ಕಪ್ಪಿನ ಗುಂಡು.

ಹೆಳವ ಬಗ್ಗಿ ಬಗ್ಗಿ ನೋಡಿದ. “ಇದರಾಗ ಹೆಣಮಕ್ಕಳ ಭಾಳ ಅದಾರಲ್ಲ ಯವ್ವಾ. ಇದು ಯಾರು?” ಎಂದು ಕೊನೆಯ ಗುಂಡಿನ ಮೇಲೆ ಬೆರಳಿಟ್ಟ.

ತೊಡೆಯ ಮೇಲಿದ್ದದ್ದು ಅವನ ಬೆರಳು ಹಿಡಿದು ಬಾಯಿಗೆ ಎಳೆದುಕೊಂಡಿತು.

“ಈಕಿನ,” ಎಂದೆ. “ಬರಕೋ. ದೊಡ್ಡಾಕಿ ಆದ ಮ್ಯಾಲೆ ಈಕಿಗೆ ಗಂಡ ನೋಡಾಕ ಬರ್ತಿಯಲ್ಲ, ಆಗ ಬೆಡಗ ಆಮ್ಯಾಲೆ ಕೇಳು. ಮೊದಲ ಅವನ ರಕ್ತದ ಚೀಟಿ ತಗೊಂಡ ಬಾ.”